ಹಳೇ ಮಾರುಕಟ್ಟೆಯ ಕಬ್ಬಿಣದ ಟ್ರಸ್: ಅಳತೆ, ಜೋಡಣೆ ಹೇಗಿರುತ್ತೆ?

ಕೇಳಿದವರು: ಅನಿಮೇಷನ್ ಕಿರುಚಿತ್ರಕ್ಕೆ ಒಂದು ತರಕಾರಿ ಮಾರುಕಟ್ಟೆಯನ್ನು ಕಂಪ್ಯೂಟರಿನಲ್ಲಿ ಕಟ್ಟುತ್ತಿದ್ದೇನೆ. 1970ರ ಸುಮಾರಿನ ಕಟ್ಟಡ, ಕರ್ನಾಟಕದ ಒಂದು ತಾಲೂಕು ಊರಿನದು. ಅಗಲ 12 ಮೀಟರ್, ಉದ್ದ 36, ಮೇಲೆ ಸಿಮೆಂಟ್ ಶೀಟು. ಒಳಗಿನಿಂದ ಟ್ರಸ್, ಅಂದರೆ ಚಾವಣಿ ಹೊರುವ ತ್ರಿಕೋನ ಚೌಕಟ್ಟು, ಪೂರ್ತಿ ಕಾಣಬೇಕು. ನಾನು ಮಾಡಿದ್ದು ಆಟಿಕೆಯ ಹಾಗಿದೆ. ಎಷ್ಟು ದೂರಕ್ಕೊಂದು ಟ್ರಸ್ ಇಡಬೇಕು, ತುಂಡುಗಳು ಸೇರುವ ಜಾಗ ಹೇಗಿರುತ್ತೆ? ಮಾಡಿದವರು, ನೋಡಿದವರು ಹೇಳಿ.

ಫ್ಯಾಬ್ರಿಕೇಶನ್ ಕೆಲಸದವರು, ತುಮಕೂರು: ಈಗ ಎಲ್ ಆಕಾರದ ಆಂಗಲ್ ಕಂಬಿ ಯಾರು ಹಾಕ್ತಾರೆ ಮೇಡಂ? ಎಲ್ಲಾ ಚೌಕ ಪೈಪು. ಪೈಪಿಗೆ ಪೈಪು ನೇರ ವೆಲ್ಡ್, ಪ್ಲೇಟೇ ಬೇಡ. ನಾವು 4ರಿಂದ 5 ಮೀಟರಿಗೆ ಒಂದು ಟ್ರಸ್ ಇಡುತ್ತೇವೆ. ಓರೆ ತುಂಡುಗಳು ಮಧ್ಯದ ಕಡೆಗೆ ಇಳಿಯುವ ಹಾಗೆ ಹಾಕಿ. ರೈಲ್ವೆ ಸೇತುವೆಯಲ್ಲೂ ಹಾಗೇ ಇರುತ್ತೆ, ಆಗ ಅವು ಎಳೆತದಲ್ಲಿರುತ್ತವೆ.

ಸ್ಟ್ರಕ್ಚರಲ್ ಇಂಜಿನಿಯರ್, ನಿವೃತ್ತ: ದೂರದ ಲೆಕ್ಕ ಸರಿಯಾಗಿದೆ. ನಿಮ್ಮ 36 ಮೀಟರನ್ನು 4.5ರಂತೆ ಎಂಟು ಭಾಗ ಮಾಡಿ, ಒಂಬತ್ತು ಟ್ರಸ್ ಬರುತ್ತೆ. ಆದರೆ ಪೈಪಿನ ಟ್ರಸ್ ಇವತ್ತಿನದು. ಆ ಕಾಲದ್ದಕ್ಕೆ ಆಂಗಲ್ಲೇ ಸರಿ.

ಸೇತುವೆಯ ಮಾತು ಮಾತ್ರ ಇಲ್ಲಿಗೆ ಹೊಂದುವುದಿಲ್ಲ. ಅಲ್ಲಿ ಮೇಲಿನ, ಕೆಳಗಿನ ಪಟ್ಟಿಗಳು ಸಮಾನಾಂತರ. ನಿಮ್ಮದು ತ್ರಿಕೋನ, ಮೇಲಿನ ಪಟ್ಟಿಯೇ ಓರೆ. ಹಾಗಾಗಿ ಎಳೆತ, ಒತ್ತಡ ಅದಲುಬದಲಾಗುತ್ತವೆ. ಇಲ್ಲಿ ಓರೆ ತುಂಡು ಕೆಳಗಿನಿಂದ ಹೊರಟು ಮಧ್ಯದ ಕಡೆಗೆ ಏರಬೇಕು, ಆಗ ಅದು ಎಳೆತದಲ್ಲಿರುತ್ತೆ. ಉದ್ದ ತುಂಡುಗಳು ಎಳೆತದಲ್ಲಿದ್ದರೆ ಸಣ್ಣ ಆಂಗಲ್ ಸಾಕು. ಒತ್ತಡ ಬರುವುದು ನೆಟ್ಟಗಿನ ಗಿಡ್ಡ ತುಂಡುಗಳಿಗೆ. ನಟ್ಟನಡುವಿನ ಕಂಬಿಗಂತೂ ಹೆಚ್ಚು ಕೆಲಸವಿಲ್ಲ, ಕೆಳಗಿನ ಪಟ್ಟಿ ಜೋಲದಂತೆ ಹಿಡಿದಿರುತ್ತೆ ಅಷ್ಟೇ.

ನಡುವೆ ಎತ್ತರ 2 ಮೀಟರ್ ಇಡಿ. ಕೆಳಗಿನ ಪಟ್ಟಿಯನ್ನು 1.2 ಮೀಟರಿನ ಹತ್ತು ಭಾಗ ಮಾಡಿ. ಮೇಲೆ ಓರೆಯಲ್ಲಿ ಅದು ಸುಮಾರು 1.26 ಆಗುತ್ತೆ. ಪರ್ಲಿನ್ ಅಂದರೆ ಟ್ರಸ್‌ನಿಂದ ಟ್ರಸ್‌ಗೆ ಹೋಗಿ ಶೀಟು ಹೊರುವ ಕಂಬಿ. ಸಿಮೆಂಟ್ ಶೀಟಿಗೆ ಅದರ ಅಂತರ 1.4 ಮೀಟರ್ ಮೀರಬಾರದು, ಅಲ್ಲಿಗೆ ಸರಿಹೋಯಿತು. ಮೇಲಿನ ಪಟ್ಟಿಗೆ ತುಂಡುಗಳು ಸೇರುವ ಪ್ರತಿ ಗಂಟಿನ ಮೇಲೂ ಒಂದು ಪರ್ಲಿನ್. ಬಹುಶಃ ನಿಮ್ಮ ಚಿತ್ರ ಸುಳ್ಳು ಅನಿಸುತ್ತಿರುವುದು ಇಲ್ಲೇ. ಪರ್ಲಿನ್ ಸಾಲು ಬೇರೆ, ಗಂಟಿನ ಸಾಲು ಬೇರೆ ಇದ್ದರೆ ಕಣ್ಣಿಗೆ ತಕ್ಷಣ ಗೊತ್ತಾಗುತ್ತೆ.

ಗ್ಯಾರೇಜ್ ಮಾಲೀಕ, ಹಾಸನ: ನಮ್ಮ ಶೆಡ್ಡಿಗೂ ಇದೇ ಆಯ್ತು ಸರ್. ಶೀಟಿನ ಉದ್ದಕ್ಕೆ ಹೊಂದಲಿ ಅಂತ ಕಂಟ್ರಾಕ್ಟರು ಪರ್ಲಿನ್‌ಗಳನ್ನು ಗಂಟಿನಿಂದ ಅರ್ಧ ಮೀಟರ್ ಆಚೆ ಸರಿಸಿದರು. ಈಗ ಮೇಲಿನ ಆಂಗಲ್ ಎರಡು ಗಂಟುಗಳ ನಡುವೆ ಕೆಳಗೆ ಬಾಗಿದೆ. ಮಳೆ ನೀರು ಅಲ್ಲೇ ನಿಂತು ಸೋರುತ್ತೆ. ಶೀಟು ಬದಲಿಸಿದರೆ ಸರಿಹೋಗುತ್ತಾ?

ಸ್ಟ್ರಕ್ಚರಲ್ ಇಂಜಿನಿಯರ್: ಇಲ್ಲ, ಶೀಟಿನ ತಪ್ಪಲ್ಲ ಅದು. ಗಂಟುಗಳ ನಡುವೆ ಭಾರ ಬಿದ್ದರೆ ಆಂಗಲ್ ಬಾಗುವ ಕೆಲಸವನ್ನೂ ಮಾಡಬೇಕಾಗುತ್ತೆ, ಅದಕ್ಕೆ ಅದು ಆರಿಸಿದ್ದಲ್ಲ. ಒಬ್ಬ ಇಂಜಿನಿಯರಿಗೆ ತೋರಿಸಿ. ಅಲ್ಲಿವರೆಗೆ ಇಂಜಿನ್ ಎತ್ತುವ ಚೈನ್ ಬ್ಲಾಕನ್ನು ಆ ಟ್ರಸ್‌ಗೆ ದಯವಿಟ್ಟು ನೇತುಹಾಕಬೇಡಿ.

ಕೇಳಿದವರು: ಓರೆ ತುಂಡುಗಳನ್ನು ತಿರುಗಿಸಿದೆ, ಪರ್ಲಿನ್ ಗಂಟಿನ ಮೇಲೆ ತಂದೆ. ಆಗಲೇ ಬೇರೆಯಾಗಿ ಕಾಣುತ್ತಿದೆ! ಆದರೆ ಗಂಟು ಇನ್ನೂ ಕಡ್ಡಿಗೆ ಕಡ್ಡಿ ಅಂಟಿಸಿದ ಹಾಗಿದೆ.

ಮಾರುಕಟ್ಟೆ ಕಟ್ಟಡಗಳ ಫೋಟೋ ತೆಗೆಯುವವರು, ಮೈಸೂರು: ಕೆಳಗೆ ನಿಂತು ನೋಡಿದರೆ ಮೇಲಿನ ಪಟ್ಟಿ ಒಂದೇ ಕಂಬಿಯಲ್ಲ, ಬೆನ್ನಿಗೆ ಬೆನ್ನು ಮಾಡಿದ ಎರಡು ಆಂಗಲ್. ನಡುವೆ ಬೆರಳಿನಷ್ಟೂ ಇಲ್ಲದ ಸಂದು. ಆ ಸಂದಿನಲ್ಲಿ ತುಂಡುಗಳನ್ನು ಸೇರಿಸುವ ಗಸೆಟ್ ಪ್ಲೇಟ್ ಹೊಕ್ಕಿರುತ್ತೆ. ರಿವೆಟ್ ಹಾಕಿಬಿಡಿ, ಚೆನ್ನಾಗಿ ಕಾಣುತ್ತೆ.

ಸ್ಟ್ರಕ್ಚರಲ್ ಇಂಜಿನಿಯರ್: ಸಂದು ಅಂದರೆ ಪ್ಲೇಟಿನ ದಪ್ಪ, 8 ಮಿಲಿಮೀಟರ್ ಇಡಿ. ಮೇಲಿನ ಪಟ್ಟಿಗೆ 65 ಮಿಲಿಮೀಟರ್ ಅಗಲದ ಆಂಗಲ್ ಎರಡು, ಕೆಳಗೆ 50ರದ್ದು ಎರಡು, ಒಳಗಿನ ತುಂಡುಗಳಿಗೆ 50ರದ್ದು ಒಂದೊಂದೇ. ಎಲ್ಲದರ ದಪ್ಪ 6. ಪರ್ಲಿನ್‌ಗೆ 100ಕ್ಕೆ 75ರ ಆಂಗಲ್. ಇವು ಚಿತ್ರಕ್ಕೆ ಸಾಕು, ಕಟ್ಟುವುದಕ್ಕೆ ಗಾಳಿಯ ಲೆಕ್ಕ ಮಾಡಲೇಬೇಕು.

ಗಂಟಿನಲ್ಲಿ ತುಂಡುಗಳ ತುದಿ ಒಂದಕ್ಕೊಂದು ತಾಗುವುದಿಲ್ಲ. ಸ್ವಲ್ಪ ಮೊದಲೇ ನಿಂತು ಪ್ಲೇಟಿಗೆ ಸೇರುತ್ತವೆ. ಆದರೆ ಅವುಗಳ ನಡುಗೆರೆಗಳನ್ನು ಮುಂದಕ್ಕೆ ಎಳೆದರೆ ಒಂದೇ ಬಿಂದುವಿನಲ್ಲಿ ಕೂಡಬೇಕು. ಮೊದಲು ಗೆರೆ ಎಳೆದುಕೊಂಡು ಆಮೇಲೆ ಆಂಗಲ್ ಕೂರಿಸಿ. ಪ್ಲೇಟಿನ ಅಳತೆ ಬೋಲ್ಟುಗಳಿಂದ ಬರುತ್ತೆ: ಪ್ರತಿ ತುದಿಗೂ ಕಡಿಮೆಯೆಂದರೆ ಎರಡು, 16 ಮಿಲಿಮೀಟರಿನವು, 50ರ ಅಂತರದಲ್ಲಿ, ಅಂಚಿನಿಂದ 30 ಒಳಗೆ. ಬಲ ಹೆಚ್ಚಿರುವ ಕಡೆ ಬೋಲ್ಟೂ ಹೆಚ್ಚು. ಹೀಗಾಗಿ ಬೆಂಬಲದ ಹತ್ತಿರದ ಪ್ಲೇಟು ದೊಡ್ಡದು, ಕೆಳಗಿನ ಪಟ್ಟಿಯ ನಟ್ಟನಡುವಿನದು ಚಿಕ್ಕದು. ಎಲ್ಲ ಕಡೆ ಒಂದೇ ಪ್ಲೇಟ್ ನಕಲು ಮಾಡಬೇಡಿ.

1970ಕ್ಕೆ ರಿವೆಟ್ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬೋಲ್ಟು ಅಥವಾ ವೆಲ್ಡ್ ಹಾಕಿ.

ಫೋಟೋದವರು: ಹಳೇ ರೈಲ್ವೆ ವರ್ಕ್‌ಶಾಪಿನಲ್ಲಿ ರಿವೆಟ್ ನೋಡಿದ್ದೇನಲ್ಲ ಸರ್. ಚಿಕ್ಕ ಊರಿನಲ್ಲಿ ಹಳೇ ಟ್ರಸ್ ತಂದು ಹಾಕಿರಲೂಬಹುದು.

ಫ್ಯಾಬ್ರಿಕೇಶನ್ ಕೆಲಸದವರು: ಅದೂ ನಿಜ, ಗುಜರಿ ಟ್ರಸ್ ನಾವೂ ಎಬ್ಬಿಸಿದ್ದೇವೆ. ಮೇಡಂ, ಒಂದು ಬಿಟ್ಟುಹೋಯ್ತು. ಟ್ರಸ್‌ಗಳನ್ನು ಒಂದಕ್ಕೊಂದು ಕಟ್ಟುವ ಕಂಬಿ ಹಾಕಿದ್ದೀರಾ? ಎರಡೂ ಕೊನೆಯ ಭಾಗಗಳಲ್ಲಿ, ಶೀಟಿನ ಕೆಳಗೆ, ಅಡ್ಡಡ್ಡ ಗುಣಿಸು ಆಕಾರದಲ್ಲಿ ಆಂಗಲ್ ಬರುತ್ತೆ. ಕೆಳಗಿನ ಪಟ್ಟಿಗಳನ್ನೂ ಉದ್ದಕ್ಕೆ ಎರಡು ಮೂರು ಸಾಲು ಆಂಗಲ್ ಕಟ್ಟಿರುತ್ತೆ. ಪಕ್ಕದಲ್ಲಿ ಗೋಡೆ ಇಲ್ಲದ ಮಾರುಕಟ್ಟೆಗೆ ಗಾಳಿ ಒಳನುಗ್ಗಿ ಚಾವಣಿಯನ್ನೇ ಮೇಲಕ್ಕೆತ್ತುತ್ತೆ. ಆಗ ಕೆಳಗಿನ ಪಟ್ಟಿಗೂ ಒತ್ತಡ ಬಂದು ಪಕ್ಕಕ್ಕೆ ಬಾಗುತ್ತೆ. ಅದನ್ನು ತಡೆಯೋಕೆ ಆ ಸಾಲುಗಳು.

ಕೇಳಿದವರು: ಒಂದೂ ಹಾಕಿಲ್ಲ! ಇವತ್ತೇ ಸೇರಿಸುತ್ತೇನೆ. ಶೀಟು ಪರ್ಲಿನ್‌ಗೆ ಕೂರುವ ಜಾಗದ ಹತ್ತಿರದ ಫೋಟೋ ಇದ್ದರೆ ಯಾರಾದರೂ ಹಾಕಿ. ಜೆ ಬೋಲ್ಟಿನ ಕೊಕ್ಕೆ ಪರ್ಲಿನ್‌ನ ಯಾವ ಕಡೆಯಿಂದ ಸುತ್ತಿಕೊಳ್ಳುತ್ತೆ ಅಂತ ಗೊತ್ತಾಗುತ್ತಿಲ್ಲ.