ಟಿ4 ನಾರ್ಮಲ್, ಟಿಎಸ್‌ಎಚ್ 7.2: ಯಾವುದನ್ನು ನಂಬುವುದು?

ಉಡುಪಿ ಟೀಚರ್ ಕೇಳಿದ್ದು: ನನಗೆ 36 ವರ್ಷ. ಸುಸ್ತು, ಕೂದಲು ಉದುರುವುದು ಅಂತ ಥೈರಾಯ್ಡ್ ಟೆಸ್ಟ್ ಮಾಡಿಸಿದೆ. ಟಿಎಸ್‌ಎಚ್ 7.2 ಬಂದಿದೆ, ದಪ್ಪ ಅಕ್ಷರದಲ್ಲಿ. ಲ್ಯಾಬಿನ ಮಿತಿ 0.27ರಿಂದ 4.2. ಫ್ರೀ ಟಿ4 ಮಾತ್ರ 1.15, ಅದರ ಮಿತಿ 0.9ರಿಂದ 1.7. ಡಾಕ್ಟರು "ಸಬ್‌ಕ್ಲಿನಿಕಲ್, ಈಗ ಮಾತ್ರೆ ಬೇಡ, ಎರಡು ತಿಂಗಳು ಬಿಟ್ಟು ಮತ್ತೆ ನೋಡುವ" ಎಂದರು. ಅತ್ತಿಗೆ "ಈಗಲೇ ಶುರು ಮಾಡು" ಎನ್ನುತ್ತಾರೆ. ಒಂದು ಸರಿ, ಇನ್ನೊಂದು ಜಾಸ್ತಿ ಅಂದರೆ ಏನರ್ಥ? ಇಂಥ ರಿಪೋರ್ಟ್ ಬಂದವರು ಏನು ಮಾಡಿದಿರಿ?

ಕಟಪಾಡಿ: ಟೀಚರೇ, ತಲೆ ಕೆಡಿಸಿಕೊಳ್ಳಬೇಡಿ. ಟಿಎಸ್‌ಎಚ್ ಥೈರಾಯ್ಡಿನಿಂದ ಬರುವುದೇ ಅಲ್ಲ, ತಲೆಯೊಳಗಿನ ಪಿಟ್ಯುಟರಿ ಗ್ರಂಥಿಯಿಂದ ಬರುವುದು. ದೇಹಕ್ಕೆ ಕೆಲಸಕ್ಕೆ ಬೇಕಾದದ್ದು ಟಿ4, ಅಂದರೆ ಥೈರಾಕ್ಸಿನ್. ಅದು ಸರಿ ಉಂಟಲ್ಲ? ಮತ್ತೆ ಎಂತ ಹೆದರಿಕೆ? ರಿಪೋರ್ಟ್ ಮಡಚಿ ಕಪಾಟಿನಲ್ಲಿಡಿ.

ಹಳೆ ಲ್ಯಾಬಿನವ, ಮಂಗಳೂರು: ಕಟಪಾಡಿಯವರು ಅರ್ಧ ಸರಿ ಹೇಳಿದ್ದಾರೆ. ಟಿಎಸ್‌ಎಚ್ ಪಿಟ್ಯುಟರಿಯದ್ದು ಹೌದು. ಆದರೆ ಅದಕ್ಕೇ ಅದನ್ನು ನೋಡಬೇಕಾದದ್ದು. 30 ವರ್ಷ ಲ್ಯಾಬಿನಲ್ಲಿ ಕೆಲಸ ಮಾಡಿದವನು, ಡಾಕ್ಟರಲ್ಲ. ಗೊತ್ತಿದ್ದಷ್ಟು ಹೇಳುತ್ತೇನೆ.

ಅಮ್ಮ ಒಳಗಿನಿಂದ ಮಗನನ್ನು ಕರೆಯುತ್ತಾಳೆ ಅಂತ ಇಟ್ಟುಕೊಳ್ಳಿ, ಅಂಗಡಿಗೆ ಹೋಗಿ ಬಾ ಅಂತ. ಮೊದಲು ಒಂದು ಸಲ ಕರೆದರೆ ಹೋಗುತ್ತಿದ್ದ. ಈಗ ಮೂರು ಸಲ ಕೂಗಬೇಕು. ಹೋಗುವುದು ಹೋಗುತ್ತಾನೆ, ಸಾಮಾನೂ ಬರುತ್ತದೆ. ಟಿ4 ನೋಡಿದರೆ ಅಕ್ಕಿ ಡಬ್ಬಿಯಲ್ಲಿ ಅಕ್ಕಿ ಇರುತ್ತದೆ. ಟಿಎಸ್‌ಎಚ್ ಅಂದರೆ ಅಮ್ಮನ ಕೂಗು. ಅಮ್ಮ ಪಿಟ್ಯುಟರಿ, ಮಗ ಥೈರಾಯ್ಡ್. ಡಬ್ಬಿ ಸ್ವಲ್ಪ ಕೆಳಗಿಳಿದರೆ ಕೂಗು ಏರುತ್ತದೆ, ತುಂಬಿದರೆ ಅವಳು ಸುಮ್ಮನಾಗುತ್ತಾಳೆ. ಹಾಗಾಗಿ ನಿಮ್ಮ ಎರಡು ಅಂಕೆಗಳಿಗೆ ಜಗಳ ಇಲ್ಲ. ಕೂಗು ಜಾಸ್ತಿ ಆದದ್ದರಿಂದಲೇ ಡಬ್ಬಿ ತುಂಬಿದೆ. ಡಾಕ್ಟರು ಸಬ್‌ಕ್ಲಿನಿಕಲ್ ಎಂದದ್ದು ಇದನ್ನೇ.

ಇನ್ನೊಂದು ವಿಷಯ ಉಂಟು. ಈ ಅಮ್ಮನ ಕಿವಿ ಬಹಳ ಸೂಕ್ಷ್ಮ. ಟಿ4 ಅರ್ಧಕ್ಕೆ ಇಳಿದರೆ ಟಿಎಸ್‌ಎಚ್ ಎರಡು ಪಟ್ಟಲ್ಲ, ಹತ್ತಾರು ಪಟ್ಟು ಏರಬಹುದು. ಅದಕ್ಕೇ ಟಿ4ನಲ್ಲಿ ಕಾಣದಷ್ಟು ಸಣ್ಣ ಬದಲಾವಣೆ ಟಿಎಸ್‌ಎಚ್‌ನಲ್ಲಿ ಎದ್ದು ಕಾಣುತ್ತದೆ. 0.9ರಿಂದ 1.7 ಅನ್ನುವುದು ಊರಿಗೆಲ್ಲಾ ಸೇರಿಸಿ ಹೊಲಿದ ಅಂಗಿ. ಒಬ್ಬೊಬ್ಬರ ಟಿ4 ಅದರೊಳಗೆ ತನ್ನದೇ ಒಂದು ಸಣ್ಣ ಜಾಗದಲ್ಲಿ ನಿಂತಿರುತ್ತದೆ. ನಿಮ್ಮ ಜಾಗ ಯಾವುದು ಅಂತ ಈ ಒಂದು ಕಾಗದ ನೋಡಿ ಹೇಳಲಾಗದು. ಹಳೆ ರಿಪೋರ್ಟ್ ಉಂಟಾ?

ಕುಂದಾಪುರದ ಕಡೆಯವ, ಈಗ ಉಡುಪಿ: ನನ್ನ ಅಮ್ಮನಿಗೆ 78. ಟಿಎಸ್‌ಎಚ್ 6.1 ಬಂತು ಅಂತ ಒಂದು ಕಡೆ 50 ಮೈಕ್ರೋಗ್ರಾಂ ಥೈರಾಕ್ಸಿನ್ ಮಾತ್ರೆ ಕೊಟ್ಟರು. ಎರಡು ತಿಂಗಳಲ್ಲಿ ಎದೆ ಡವಡವ, ರಾತ್ರಿ ನಿದ್ದೆ ಇಲ್ಲ. ಇನ್ನೊಬ್ಬ ಡಾಕ್ಟರು ನೋಡಿ ನಿಲ್ಲಿಸಿದರು. ವಯಸ್ಸಾದವರಲ್ಲಿ ಟಿಎಸ್‌ಎಚ್ ತಾನಾಗಿಯೇ ಸ್ವಲ್ಪ ಮೇಲಿರುತ್ತದಂತೆ. ಹಾಗಾಗಿ ಟೀಚರೇ, ಮಾತ್ರೆ ಮುಟ್ಟಲೇಬೇಡಿ.

ಹಳೆ ಲ್ಯಾಬಿನವ: ಅಮ್ಮನ ವಿಷಯದಲ್ಲಿ ಎರಡನೆಯ ಡಾಕ್ಟರು ಹೇಳಿದ್ದು ಸರಿ. 65 ದಾಟಿದವರಲ್ಲಿ ಸಬ್‌ಕ್ಲಿನಿಕಲ್‌ಗೆ ಮಾತ್ರೆ ಕೊಟ್ಟು ನೋಡಿದ ದೊಡ್ಡ ಪ್ರಯೋಗವೊಂದು 2017ರಲ್ಲಿ ಪ್ರಕಟವಾಯಿತು. ಸುಸ್ತಿನಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ 78ರ ಲೆಕ್ಕ 36ಕ್ಕೆ ಹಾಕಬೇಡಿ ಮಾರಾಯ್ರೆ. ಮಗು ಬೇಕೆಂದು ಇರುವವರ ಲೆಕ್ಕ ಇನ್ನೂ ಬೇರೆ, ಅವರಿಗೆ ಡಾಕ್ಟರು ಇಷ್ಟು ಕಾಯುವುದಿಲ್ಲ.

ಉಡುಪಿ ಟೀಚರ್: ಮಗುವಿನ ಯೋಚನೆ ಇಲ್ಲ, ಇಬ್ಬರಿದ್ದಾರೆ. ಹಳೆ ಫೈಲ್ ಹುಡುಕಿದೆ. 2022ರಲ್ಲಿ ಮಾಡಿಸಿದ್ದು ಸಿಕ್ಕಿತು. ಅದೇ ಲ್ಯಾಬ್. ಟಿಎಸ್‌ಎಚ್ 2.4, ಫ್ರೀ ಟಿ4 1.38.

ಹಳೆ ಲ್ಯಾಬಿನವ: ಚಿನ್ನದಂಥ ಕಾಗದ ಅದು, ಬಿಸಾಡಬೇಡಿ. ನೋಡಿ, ಟಿ4 1.38ರಿಂದ 1.15ಕ್ಕೆ ಬಂದಿದೆ, ಸುಮಾರು ಆರರಲ್ಲಿ ಒಂದು ಪಾಲು ಇಳಿದಿದೆ. ಎರಡೂ ಸಲ ನಾರ್ಮಲ್ ಅಂತಲೇ ಬರೆದಿದೆ. ಅಷ್ಟಕ್ಕೇ ಟಿಎಸ್‌ಎಚ್ 2.4ರಿಂದ 7.2, ಸರಿಯಾಗಿ ಮೂರು ಪಟ್ಟು. ನಾನು ಹೇಳಿದ ಕಿವಿ ಸೂಕ್ಷ್ಮ ಅಂದರೆ ಇದೇ. ಕಪಾಟಿನಲ್ಲಿ ಇಡುವ ರಿಪೋರ್ಟ್ ಅಲ್ಲ ಇದು.

ಆದರೆ ಮೂರು ಪ್ರಶ್ನೆ ಕೇಳದೆ ನಾನು ಮುಂದೆ ಹೋಗುವುದಿಲ್ಲ. ರಕ್ತ ಕೊಡುವ ಮೊದಲಿನ ಒಂದೆರಡು ತಿಂಗಳಲ್ಲಿ ಜ್ವರ, ಆಸ್ಪತ್ರೆ ಏನಾದರೂ? ಎಷ್ಟು ಗಂಟೆಗೆ ಕೊಟ್ಟದ್ದು? ಕೂದಲಿಗೆ ಅಂತ ಯಾವುದಾದರೂ ಮಾತ್ರೆ?

ಉಡುಪಿ ಟೀಚರ್: ಅಯ್ಯೋ, ಡೆಂಗಿ ಆಗಿತ್ತು! ಐದು ದಿನ ಅಡ್ಮಿಟ್ ಆಗಿದ್ದೆ. ಡಿಸ್ಚಾರ್ಜ್ ಆಗಿ ಮೂರು ವಾರಕ್ಕೆ ಈ ಟೆಸ್ಟ್. ಬೆಳಿಗ್ಗೆ ಏಳೂವರೆಗೆ, ಖಾಲಿ ಹೊಟ್ಟೆಯಲ್ಲಿ. ಕೂದಲಿಗೆ ಬಯೋಟಿನ್ ತೆಗೆದುಕೊಳ್ಳುತ್ತಿದ್ದೇನೆ, ಡಬ್ಬಿ ಮೇಲೆ 10 ಮಿಲಿಗ್ರಾಂ ಅಂತ ಉಂಟು. ಟೆಸ್ಟ್ ದಿನವೂ ತಿಂದಿದ್ದೆ ಅಂತ ನೆನಪು. ಇದನ್ನು ಡಾಕ್ಟರಿಗೆ ಹೇಳಲೇ ಇಲ್ಲ, ವಿಟಮಿನ್ ಅಲ್ವಾ ಅಂತ.

ಹಳೆ ಲ್ಯಾಬಿನವ: ಹಾಗಾದರೆ ಮೇಲೆ ನಾನು ಮಾಡಿದ ಲೆಕ್ಕ ನೀರಿಗೆ ಹೋಯಿತು.

ಮೊದಲು ಜ್ವರ. ಜೋರು ಕಾಯಿಲೆ ಬಂದಾಗ ಪಿಟ್ಯುಟರಿ ಕೂಗುವುದನ್ನು ಕಡಿಮೆ ಮಾಡುತ್ತದೆ. ಕಾಯಿಲೆ ಬಿಟ್ಟು ಚೇತರಿಸುವಾಗ ತಿರುಗಿ ಕೂಗಲು ಶುರು ಮಾಡುತ್ತದೆ, ಆಗ ಸ್ವಲ್ಪ ದಿನ ಅಗತ್ಯಕ್ಕಿಂತ ಜೋರಾಗಿಯೇ. ಅಂಥ ಸಮಯದಲ್ಲಿ ಆರೋಗ್ಯವಂತ ಥೈರಾಯ್ಡ್ ಇದ್ದವರಿಗೂ ಟಿಎಸ್‌ಎಚ್ ಮಿತಿ ದಾಟಬಹುದು, ಕೆಲವೊಮ್ಮೆ 20ರ ಹತ್ತಿರಕ್ಕೂ. ಕೆಲವು ವಾರಗಳಲ್ಲಿ ತಾನೇ ಇಳಿಯುತ್ತದೆ. ನಿಮ್ಮ ಮೂರು ವಾರ ಅದರ ಮಧ್ಯಕ್ಕೇ ಬಿದ್ದಿದೆ. ಅಂದರೆ 7.2 ನಿಜಕ್ಕಿಂತ ಜಾಸ್ತಿ ತೋರಿಸಿರಬಹುದು.

ಬಯೋಟಿನ್ ಇದಕ್ಕೆ ತದ್ವಿರುದ್ಧ. ಅದು ಥೈರಾಯ್ಡಿಗೆ ಏನೂ ಮಾಡುವುದಿಲ್ಲ, ಮೆಷಿನ್ನನ್ನು ಮೋಸ ಮಾಡುತ್ತದೆ. ಬಹಳ ಲ್ಯಾಬ್‌ಗಳ ಕಿಟ್‌ನಲ್ಲಿ ಬಯೋಟಿನ್ನನ್ನೇ ಅಂಟಿನ ಹಾಗೆ ಬಳಸುತ್ತಾರೆ. ರಕ್ತದಲ್ಲಿ ಮೊದಲೇ ಬೇಕಾದಷ್ಟು ಇದ್ದರೆ ಅಂಟು ಹಿಡಿಯುವುದಿಲ್ಲ. ಆಗ ಟಿಎಸ್‌ಎಚ್ ಕಡಿಮೆ, ಟಿ4 ಜಾಸ್ತಿ ಅಂತ ತೋರಿಸುತ್ತದೆ. ಎಲ್ಲ ಮೆಷಿನ್ನೂ ಹೀಗಲ್ಲ. ನಿಮ್ಮ ಲ್ಯಾಬಿನದ್ದು ಹಾಗಿದ್ದರೆ 7.2 ನಿಜಕ್ಕಿಂತ ಕಡಿಮೆ ತೋರಿಸಿರಲೂಬಹುದು. ಒಂದು ಕಡೆಯಿಂದ ಡೆಂಗಿ ಮೇಲೆ ಎಳೆಯುತ್ತದೆ, ಇನ್ನೊಂದು ಕಡೆಯಿಂದ ಬಯೋಟಿನ್ ಕೆಳಗೆ. ಈ ಕಾಗದ ಹಿಡಿದು ಯಾರು ಯಾವ ವಾದವನ್ನೂ ಮಾಡಬಹುದು, ಅತ್ತಿಗೆಯೂ ಕಟಪಾಡಿಯವರೂ.

ಎರಡು ತಿಂಗಳು ಕಾಯಿರಿ ಎಂದದ್ದು ಸರಿಯಾದ ಮಾತು. ಬಯೋಟಿನ್ ವಿಷಯ ಡಾಕ್ಟರಿಗೆ ಹೇಳಿ, ಟೆಸ್ಟಿಗೆ ಮೂರು ನಾಲ್ಕು ದಿನ ಮೊದಲೇ ನಿಲ್ಲಿಸಿ. ಅದೇ ಲ್ಯಾಬ್, ಅದೇ ಹೊತ್ತು. ಟಿಎಸ್‌ಎಚ್ ನಡುರಾತ್ರಿ ಕಳೆದ ಮೇಲೆ ಏರಿ, ಮಧ್ಯಾಹ್ನದ ಹೊತ್ತಿಗೆ ಇಳಿದಿರುತ್ತದೆ. ಬೆಳಿಗ್ಗೆಯದ್ದನ್ನು ಮಧ್ಯಾಹ್ನದ್ದಕ್ಕೆ ಹೋಲಿಸಿ "ಕಡಿಮೆಯಾಯಿತು" ಅಂತ ಖುಷಿಪಟ್ಟವರನ್ನು ಬೇಕಾದಷ್ಟು ನೋಡಿದ್ದೇನೆ. ಜೊತೆಗೆ ಆಂಟಿ ಟಿಪಿಒ, ಅಂದರೆ ದೇಹ ತನ್ನ ಥೈರಾಯ್ಡಿನ ಮೇಲೆ ತಾನೇ ತಿರುಗಿಬಿದ್ದಿದೆಯಾ ಎಂದು ನೋಡುವ ಆಂಟಿಬಾಡಿ ಟೆಸ್ಟ್, ಮಾಡಿಸಬೇಕಾ ಅಂತ ಕೇಳಿ.

ಸುರತ್ಕಲ್ ಅಕ್ಕ: ನಾನು ಇದೇ ದಾರಿಯಲ್ಲಿ ಬಂದವಳು. ಮೊದಲ ವರ್ಷ 6.4, ಮರುವರ್ಷ 8.9, ಮೂರನೇ ವರ್ಷ 14. ಆಂಟಿ ಟಿಪಿಒ ಮೊದಲೇ ಜಾಸ್ತಿ ಇತ್ತು. 10 ದಾಟಿದ ಮೇಲೆ ಮಾತ್ರೆ ಶುರು ಮಾಡಿದರು.

ನಾನು ಮಾಡಿದ ಕಿತಾಪತಿ ಹೇಳುತ್ತೇನೆ. ಮಾತ್ರೆ ಶುರುವಾಗಿ ಎರಡು ವಾರಕ್ಕೆ ಯಾರಿಗೂ ಹೇಳದೆ ಟೆಸ್ಟ್ ಮಾಡಿಸಿದೆ. ಟಿ4 ಚೆನ್ನಾಗಿ ಏರಿತ್ತು, ಟಿಎಸ್‌ಎಚ್ ಮಾತ್ರ 11. ಮಾತ್ರೆ ಸಾಲುವುದಿಲ್ಲ ಅಂದುಕೊಂಡು ನಾನೇ ಒಂದೂವರೆ ಮಾಡಿ ನುಂಗಿದೆ. ಎರಡು ತಿಂಗಳ ಮೇಲೆ ಟಿಎಸ್‌ಎಚ್ 0.1. ಕೈ ನಡುಕ, ಬೆವರು. ಡಾಕ್ಟರ ಹತ್ತಿರ ಬೈಗುಳ ತಿಂದದ್ದು ಬೇರೆ.

ಹಳೆ ಲ್ಯಾಬಿನವ: ಥೈರಾಕ್ಸಿನ್ ಅರ್ಧ ಖಾಲಿಯಾಗಲು ಒಂದು ವಾರ ಬೇಕು. ರಕ್ತದಲ್ಲಿ ಒಂದು ಮಟ್ಟಕ್ಕೆ ನಿಲ್ಲಲು ನಾಲ್ಕೈದು ವಾರ. ಆಮೇಲೆ ಪಿಟ್ಯುಟರಿಗೆ ನಂಬಿಕೆ ಬರಬೇಕು. ಅದಕ್ಕೇ ಡೋಸ್ ಬದಲಿಸಿದ ಮೇಲೆ ಆರರಿಂದ ಎಂಟು ವಾರ ಕಾಯುವುದು. ಎರಡು ವಾರಕ್ಕೆ ನೋಡಿದರೆ ಹಳೆ ಕೂಗೇ ಕೇಳುತ್ತದೆ.

ಕಟಪಾಡಿ: ಕಪಾಟಿನ ಮಾತು ವಾಪಸ್ ತೆಗೆದುಕೊಂಡೆ. ಆದರೆ ಟೀಚರ ಸುಸ್ತು ಡೆಂಗಿದ್ದಾ, ಥೈರಾಯ್ಡಿನದ್ದಾ? ಅದನ್ನು ಯಾರೂ ಹೇಳಲಿಲ್ಲ.

ಹಳೆ ಲ್ಯಾಬಿನವ: ಅದು ರಿಪೋರ್ಟಿನಲ್ಲಿ ಬರೆದು ಬರುವುದಿಲ್ಲ. ಡೆಂಗಿ ಆದ ಎರಡು ಮೂರು ತಿಂಗಳಿಗೆ ಕೂದಲು ಉದುರುವುದು ಎಲ್ಲರೂ ನೋಡಿದ್ದೇ.

ಉಡುಪಿ ಟೀಚರ್, ಹತ್ತು ವಾರ ಕಳೆದು: ಹೇಳಿ ಹೋಗಲು ಬಂದೆ. ಬಯೋಟಿನ್ ನಾಲ್ಕು ದಿನ ಮೊದಲೇ ಬಿಟ್ಟೆ. ಅದೇ ಲ್ಯಾಬ್, ಏಳೂವರೆ. ಟಿಎಸ್‌ಎಚ್ 4.9, ಫ್ರೀ ಟಿ4 1.27. ಆಂಟಿ ಟಿಪಿಒ 180, ಅದರ ಮಿತಿ 34. ಸುಸ್ತು ಹೋಗಿದೆ, ಕೂದಲು ಇನ್ನೂ ಬಾಚಣಿಗೆಯಲ್ಲಿ ಬರುತ್ತದೆ. ಡಾಕ್ಟರು ಮಾತ್ರೆ ಬೇಡ, ಆರು ತಿಂಗಳಿಗೆ ಬನ್ನಿ ಎಂದರು. ಅತ್ತಿಗೆ ಈಗ 180 ಹಿಡಿದುಕೊಂಡಿದ್ದಾರೆ.

ಕಟಪಾಡಿ: 4.9 ಅಂದರೂ 4.2ಕ್ಕಿಂತ ಜಾಸ್ತಿಯೇ ಅಲ್ವಾ?

ಹಳೆ ಲ್ಯಾಬಿನವ: ಜಾಸ್ತಿಯೇ. 7.2 ಮಿತಿ ದಾಟಿದ್ದರಲ್ಲಿ ದೊಡ್ಡ ಪಾಲು ಡೆಂಗಿಯದ್ದಿರಬಹುದು, ಉಳಿದದ್ದು ಥೈರಾಯ್ಡಿನದ್ದೇ ಇರಬಹುದು. 180 ಅಂದರೆ ದೇಹ ತನ್ನ ಥೈರಾಯ್ಡಿನ ಮೇಲೆ ತಾನೇ ಕಣ್ಣು ಹಾಕಿದೆ. ಆ ಅಂಕೆಗೆ ಮಾತ್ರೆ ಇಲ್ಲ, ಅದನ್ನು ಇಳಿಸಲು ಯಾರೂ ನೋಡುವುದೂ ಇಲ್ಲ. ಇಂಗ್ಲೆಂಡಿನ ವಿಕಮ್ ಎಂಬಲ್ಲಿ 20 ವರ್ಷ ಜನರನ್ನು ಹಿಂಬಾಲಿಸಿ ನೋಡಿದ್ದರು. ಟಿಎಸ್‌ಎಚ್ ಮತ್ತು ಆಂಟಿಬಾಡಿ ಎರಡೂ ಜಾಸ್ತಿ ಇದ್ದ 100 ಹೆಂಗಸರಲ್ಲಿ ವರ್ಷಕ್ಕೆ ಸುಮಾರು 4 ಮಂದಿಗೆ ಥೈರಾಯ್ಡ್ ಪೂರ್ತಿ ಸೋತಿತು. ಸುರತ್ಕಲ್ ಅಕ್ಕ ಆ ನಾಲ್ವರ ಹಾಗೆ. ನೀವು ಯಾವ ಗುಂಪು ಅಂತ ಇವತ್ತು ಹೇಳಲಾಗದು.

ಸುರತ್ಕಲ್ ಅಕ್ಕ: ಆರು ತಿಂಗಳ ತಾರೀಕು ಈಗಲೇ ಕ್ಯಾಲೆಂಡರಿನಲ್ಲಿ ಬರೆದಿಡಿ. ನಾನು ಮರೆತು ಒಂದು ವರ್ಷ ಬಿಟ್ಟಿದ್ದೆ, ಹೋಗುವಾಗ ಅದೇ 14.

ಉಡುಪಿ ಟೀಚರ್: ಬರೆದೆ. 2022ರದ್ದು, ಡೆಂಗಿಯದ್ದು, ಈಗಿನದ್ದು ಮೂರೂ ಒಂದೇ ಫೈಲಿಗೆ ಹಾಕಿದ್ದೇನೆ. ಡೆಂಗಿಯದ್ದರ ಮೇಲೆ ಪೆನ್ಸಿಲ್‌ನಲ್ಲಿ "ಜ್ವರ ಬಿಟ್ಟು 3 ವಾರ, ಬಯೋಟಿನ್ ತಿಂದಿದ್ದೆ" ಅಂತ ಬರೆದಿಟ್ಟೆ.