ಸಹಾಯ ಬೇಕು: ಕೂಲಿ ಏರಿದರೆ ಎಷ್ಟು ಆಳು ಇಟ್ಕೋಬೇಕು?

ನಮಸ್ಕಾರ. ವಿಜಯಪುರದಲ್ಲಿ ಬಿಎ ಓದ್ತಿದ್ದೇನೆ. ಸೀಮಾಂತ ಆದಾಯ ಉತ್ಪನ್ನದ, ಅಂದ್ರೆ ಒಬ್ಬ ಆಳು ಹೆಚ್ಚಾದರೆ ಬರುವ ಹೆಚ್ಚುವರಿ ಆದಾಯದ, ಲೆಕ್ಕದಲ್ಲಿ ಒಂದು ಕಡೆ ಸಿಕ್ಕಿಕೊಂಡಿದ್ದೇನೆ.

ನಮ್ಮೂರ ಕಡೆಯದೇ ಉದಾಹರಣೆ ಮಾಡಿಕೊಂಡೆ. ಒಣದ್ರಾಕ್ಷಿ ಆರಿಸಿ ಕಡ್ಡಿ ತೆಗೆಯುವ ಘಟಕ, ಕೆಜಿಗೆ 8 ರೂಪಾಯಿ ಚಾರ್ಜು. ಜಾಗ, ಜರಡಿ ಅಷ್ಟೇ ಇರುವುದರಿಂದ ಹೆಚ್ಚುವರಿ ಆಳಿನಿಂದ ಸಿಗುವ ಕೆಲಸ ಕಡಿಮೆಯಾಗುತ್ತಾ ಹೋಗುತ್ತದೆ. ಮೂರನೆಯವರಿಂದ ದಿನಕ್ಕೆ 75 ಕೆಜಿ, ಅಂದ್ರೆ 600 ರೂಪಾಯಿ. ನಾಲ್ಕನೆಯವರಿಂದ 65 ಕೆಜಿ, 520 ರೂಪಾಯಿ. ಐದನೆಯವರಿಂದ 50 ಕೆಜಿ, 400 ರೂಪಾಯಿ.

ಕೂಲಿ 500 ಇದ್ದಾಗ ನಾಲ್ಕು ಜನ. ಕೂಲಿ 550 ಆದರೆ ನಾಲ್ಕನೆಯವರಿಂದ 30 ರೂಪಾಯಿ ಲುಕ್ಸಾನು, ಹಾಗಾಗಿ ಮೂರೇ ಜನ. ಘಟಕದ ಆಳಿನ ಬೇಡಿಕೆ ರೇಖೆ ಅಲ್ಲೇ ಇರುತ್ತದೆ, ಅದರ ಮೇಲೆ ನಾವು ಸರಿಯುತ್ತೇವೆ. ಇಲ್ಲಿವರೆಗೆ ಸರಿ ಅಲ್ವಾ?

ಗೊಂದಲ ಮುಂದಿದೆ. ಕೂಲಿ ಏರಿದ್ದು ಎಲ್ಲ ಘಟಕಗಳಿಗೂ. ಎಲ್ಲರೂ ಆಳು ಕಡಿಮೆ ಮಾಡಿದರೆ ಆರಿಸಿದ ಮಾಲು ಕಡಿಮೆಯಾಗಿ ಚಾರ್ಜು 9ಕ್ಕೆ ಏರಬಹುದು. ಆಗ ನಾಲ್ಕನೆಯವರಿಂದ ಬರುವ ಆದಾಯ 65 × 9 = 585, ಮತ್ತೆ ಇಟ್ಕೋಬಹುದು. ಆದರೆ ಎಲ್ಲರೂ ಮತ್ತೆ ನಾಲ್ಕು ಜನ ಇಟ್ಟುಕೊಂಡರೆ ಮಾಲು ಮೊದಲಿನಷ್ಟೇ ಆಗುತ್ತದೆ. ಹಾಗಿದ್ರೆ ಚಾರ್ಜು 9 ಹೇಗೆ ನಿಲ್ಲುತ್ತದೆ? ಗೈಡ್‌ನಲ್ಲಿ ಒಂದೇ ಸಂಸ್ಥೆಯ ಚಿತ್ರ ಕೊಟ್ಟು ಸುಮ್ನೆ ಮುಗಿಸಿದ್ದಾರೆ.

ನನ್ನ ಪ್ರಶ್ನೆ: ಎಲ್ಲರಿಗೂ ಕೂಲಿ ಏರಿದಾಗ ಈ ಸುತ್ತು ಎಲ್ಲಿ ನಿಲ್ಲುತ್ತದೆ? ಇಡೀ ಮಾರುಕಟ್ಟೆಯ ಬೇಡಿಕೆ ರೇಖೆಯನ್ನು ಘಟಕಗಳ ರೇಖೆಗಳನ್ನು ಕೂಡಿಸಿಯೇ ಬರೆಯಬೇಕಾ, ಇಲ್ಲಾ ಅದಕ್ಕಿಂತ ಕಡಿದಾಗಿ ಬರೆಯಬೇಕಾ?