ಸಹಾಯ ಬೇಕು: ‘ಹಾರ್ಡ್ಲಿ’ ಪಾಠಕ್ಕೆ ಉದಾಹರಣೆಗಳು

ಯಾದಗಿರಿಯಲ್ಲಿ ಸಂಜೆ ಹತ್ತನೇ ತರಗತಿಯ ಮಕ್ಕಳಿಗೆ ಇಂಗ್ಲಿಷ್ ಹೇಳಿಕೊಡುತ್ತೇನೆ. ‘ಲಿ’ ಹಚ್ಚಿದರೆ ಕ್ರಿಯಾವಿಶೇಷಣ ಎಂಬ ಸೂತ್ರವನ್ನು ಯಾರೋ ಅವರ ತಲೆಯಲ್ಲಿ ಮೊಳೆ ಹೊಡೆದು ಕೂರಿಸಿದ್ದಾರೆ. ಹೊಲದಲ್ಲಿ ಹತ್ತಿ ಬಿಡಿಸುವ ಅವ್ವನ ಬಗ್ಗೆ ಒಬ್ಬ ಹುಡುಗಿ ‘ಮೈ ಮದರ್ ವರ್ಕ್ಸ್ ಹಾರ್ಡ್ಲಿ’ ಎಂದು ಬರೆದಳು. ಬೇಕಾದದ್ದು ‘ವರ್ಕ್ಸ್ ಹಾರ್ಡ್’. ‘ಹಾರ್ಡ್ಲಿ ವರ್ಕ್ಸ್’ ಎಂದರೆ ಅವ್ವ ಕೆಲಸ ಮಾಡುವುದೇ ಅಪರೂಪ ಎಂದಾಗುತ್ತದೆ, ಪಾಪ!

‘ಹಾರ್ಡ್’ ಕ್ರಿಯಾಪದದ ನಂತರ, ‘ಹಾರ್ಡ್ಲಿ’ ಮುಖ್ಯ ಕ್ರಿಯಾಪದದ ಮೊದಲು ಎಂದು ಸ್ಥಾನ ತೋರಿಸಿದ ಮೇಲೆ ಇಷ್ಟು ತಿಳಿಯಿತು. ತೊಡಕು ಮುಂದಿದೆ. ‘ಹಾರ್ಡ್ಲಿ’ಯಲ್ಲೇ ನಿಷೇಧದ ಅರ್ಥವಿದೆ. ಆದ್ದರಿಂದ ‘ಶಿ ಹಾರ್ಡ್ಲಿ ಸ್ಲೀಪ್ಸ್’ ಎಂಬುದಕ್ಕೆ ಕೊನೆಗೆ ಹಚ್ಚುವ ಕ್ವೆಶ್ಚನ್ ಟ್ಯಾಗ್ ‘ಡಸ್ ಶಿ?’ ಎಂದೇ ಬರಬೇಕು. ಮಕ್ಕಳಿಗೆ ‘ನಾಟ್’ ಕಣ್ಣಿಗೆ ಬೀಳದೆ ‘ಡಸಂಟ್ ಶಿ?’ ಎನ್ನುತ್ತಾರೆ. ಇನ್ನು ಕೆಲವರು ‘ಕಾಂಟ್ ಹಾರ್ಡ್ಲಿ ವಾಕ್’ ಎಂದು ನಿಷೇಧವನ್ನು ಎರಡು ಸಲ ತುರುಕುತ್ತಾರೆ.

ಬಿಡಿ ವಾಕ್ಯಗಳು ನನ್ನ ಬಳಿ ಬೇಕಾದಷ್ಟಿವೆ. ಎರಡೂ ಪದಗಳು ಬರುವ, ಸಂದರ್ಭ ನೋಡಿಯೇ ಆರಿಸಬೇಕಾದ ಸಣ್ಣ ಸಂಭಾಷಣೆಗಳು ಯಾರ ಬಳಿಯಾದರೂ ಇದ್ದರೆ ದಯವಿಟ್ಟು ಹಾಕಿ. ‘ಲೇಟ್’, ‘ಲೇಟ್ಲಿ’ ಜೋಡಿಗೂ ಇದ್ದರೆ ಒಳ್ಳೆಯದು. ‘ಲೇಟ್ಲಿ’ ಎಂದರೆ ತಡವಾಗಿ ಎಂದೇ ಇಡೀ ತರಗತಿ ನಂಬಿದೆ.